ಅಲ್ಲಿಯ ಶನಿವಾರ ರಾತ್ರಿ, ಇಲ್ಲಿಯ ಭಾನುವಾರ ಬೆಳಗು: ಮನೆಯಿಂದ ಬರೆಯುವ ಪರೀಕ್ಷೆಗೆ ಗಡಿಯಾರವೇ ಮೊದಲ ಪ್ರಶ್ನೆ

ಕೊಳ್ಳೇಗಾಲ: ಪರೀಕ್ಷಾ ಕೇಂದ್ರದ ಗೇಟು ಮುಚ್ಚುವುದಕ್ಕೆ ಮುನ್ನ ಬಸ್ಸಿಳಿದು ಓಡುವುದು ಈ ಭಾಗದ ವಿದ್ಯಾರ್ಥಿಗಳಿಗೆ ಹೊಸತಲ್ಲ. ಹನೂರಿನಿಂದಲೋ ಯಳಂದೂರಿನಿಂದಲೋ ಹೊರಟವರು ಮೈಸೂರಿಗೆ ಹಿಂದಿನ ದಿನವೇ ಹೋಗಿ ಪರಿಚಯಸ್ಥರ ಮನೆಯಲ್ಲಿ ತಂಗುವ ರೂಢಿಯೂ ಹಳೆಯದು. 2020ರ ಕೊರೊನಾ ಕಾಲದಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಬೇಕಾದ ಜಿಆರ್‌ಇ, ಟೋಫೆಲ್ ಪರೀಕ್ಷೆಗಳು ಮನೆಯಲ್ಲೇ ಕುಳಿತು ಬರೆಯುವಂತಾದವು. ಮಾಹಿತಿ ತಂತ್ರಜ್ಞಾನ ಕಂಪೆನಿಗಳ ಪ್ರಮಾಣಪತ್ರ ಪರೀಕ್ಷೆಗಳೂ ಇದೇ ದಾರಿ ಹಿಡಿದವು. ಅಂದಿನಿಂದ ಈ ಪ್ರಯಾಣ ತಪ್ಪಿದೆ. ಕ್ಯಾಮೆರಾದ ಆಚೆ ಕುಳಿತ ಮೇಲ್ವಿಚಾರಕನೊಬ್ಬ ಅಭ್ಯರ್ಥಿಯನ್ನೂ ಆತನ ಕೋಣೆಯನ್ನೂ ನೋಡುತ್ತಿರುತ್ತಾನೆ. ಪರೀಕ್ಷೆ ಮೇಜಿನ ಮೇಲೆಯೇ ನಡೆಯುತ್ತದೆ.

ಪ್ರಯಾಣ ತಪ್ಪಿದ ಜಾಗದಲ್ಲಿ ಹೊಸದೊಂದು ತೊಡಕು ಬಂದು ಕುಳಿತಿದೆ. ಅಭ್ಯರ್ಥಿ ಕೊಳ್ಳೇಗಾಲದಲ್ಲಿ, ಮೇಲ್ವಿಚಾರಕ ಬೇರೊಂದು ದೇಶದಲ್ಲಿ, ಪರೀಕ್ಷೆ ನಡೆಸುವ ಸಂಸ್ಥೆ ಅಮೆರಿಕದಲ್ಲಿ, ಸ್ಲಾಟ್ ಕಾಯ್ದಿರಿಸಿಕೊಟ್ಟ ಅಣ್ಣ ದುಬೈಯಲ್ಲಿ ಇರಬಹುದು. ಹೀಗಿರುವಾಗ ‘ಒಂಬತ್ತು ಗಂಟೆ’ ಎಂದರೆ ಯಾರ ಒಂಬತ್ತು ಗಂಟೆ? ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರು ಪ್ರಶ್ನೆಪತ್ರಿಕೆಯನ್ನೇ ಕಾಣದೆ ಹೊರಬೀಳುತ್ತಾರೆ. ಇಪ್ಪತ್ತು ಸಾವಿರ ರೂಪಾಯಿ ಮೀರಿದ ಶುಲ್ಕ ಮುಳುಗುವುದು ಒಂದು ನಷ್ಟವಾದರೆ, ಪ್ರವೇಶದ ಕೊನೆಯ ದಿನಾಂಕಕ್ಕೆ ಮುನ್ನ ಮತ್ತೊಂದು ಸ್ಲಾಟ್ ಸಿಗದೆ ವರ್ಷವೊಂದು ಜಾರುವುದು ಇನ್ನೂ ದೊಡ್ಡ ನಷ್ಟ.

ಒಂದು ಪರೀಕ್ಷೆ, ಮೂರು ಆರಂಭ

ಗೊಂದಲದ ಮೊದಲ ಬೇರು ‘ಆರಂಭ’ ಎಂಬ ಪದದಲ್ಲಿಯೇ ಇದೆ. ಮನೆಯಿಂದ ಬರೆಯುವ ಪರೀಕ್ಷೆಗೆ ಒಂದಲ್ಲ, ಮೂರು ಆರಂಭಗಳಿವೆ. ಹಾಜರಿ ಪ್ರಕ್ರಿಯೆ, ಅಂದರೆ ಚೆಕ್-ಇನ್ ತೆರೆಯುವ ವೇಳೆ ಮೊದಲನೆಯದು. ದೃಢೀಕರಣ ಪತ್ರದಲ್ಲಿ ಮುದ್ರಿತವಾದ ವೇಳೆ ಎರಡನೆಯದು. ಇದಕ್ಕಿಂತ ತಡವಾದರೆ ಒಳಗೆ ಬಿಡುವುದಿಲ್ಲ ಎಂಬ ಕೊನೆಯ ಗಡಿ ಮೂರನೆಯದು.

ಪ್ರಮಾಣಪತ್ರ ಪರೀಕ್ಷೆಗಳನ್ನು ಬಹುಸಂಖ್ಯೆಯಲ್ಲಿ ನಡೆಸುವ ಪಿಯರ್ಸನ್ ವಿಯುಇ ಸಂಸ್ಥೆಯ ‘ಆನ್‌ವಿಯು’ ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ ಚೆಕ್-ಇನ್ ನಿಗದಿತ ವೇಳೆಗೆ 30 ನಿಮಿಷ ಮೊದಲು ತೆರೆಯುತ್ತದೆ; ನಿಗದಿತ ವೇಳೆ ಕಳೆದು 15 ನಿಮಿಷವಾದ ಮೇಲೆ ಬಂದವರಿಗೆ ಅವಕಾಶವಿಲ್ಲ. ಹೀಗಾಗಿ ‘ಬೆಳಿಗ್ಗೆ 6:30’ ಎಂದು ನಮೂದಾದ ಪರೀಕ್ಷೆಯ ಬಾಗಿಲು ವಾಸ್ತವದಲ್ಲಿ 6:00ಕ್ಕೆ ತೆರೆದು 6:45ಕ್ಕೆ ಮುಚ್ಚುತ್ತದೆ. ಈ ಮುಕ್ಕಾಲು ಗಂಟೆಯೊಳಗೆ ಅಭ್ಯರ್ಥಿ ತನ್ನ ಮುಖದ, ಗುರುತಿನ ಚೀಟಿಯ ಹಾಗೂ ಕೋಣೆಯ ನಾಲ್ಕೂ ದಿಕ್ಕಿನ ಛಾಯಾಚಿತ್ರಗಳನ್ನು ಕಳುಹಿಸಿ ಸರದಿಯಲ್ಲಿ ನಿಲ್ಲಬೇಕು.

ಸರದಿಯಲ್ಲಿ ಕಾಯುವ ಹೊತ್ತು ಸಾಮಾನ್ಯವಾಗಿ ಪರೀಕ್ಷೆಯ ಅವಧಿಯಿಂದ ಕಳೆದುಹೋಗುವುದಿಲ್ಲ. ಪ್ರಶ್ನೆಪತ್ರಿಕೆ ತೆರೆದ ಬಳಿಕವೇ ಪರೀಕ್ಷೆಯ ಗಡಿಯಾರ ಓಡತೊಡಗುತ್ತದೆ. ಇದನ್ನರಿಯದ ಅಭ್ಯರ್ಥಿ ‘ಸಮಯ ಮೀರಿತು, ಇನ್ನೂ ಪರೀಕ್ಷೆ ಬರಲಿಲ್ಲ’ ಎಂದು ಗಾಬರಿಯಾಗಿ ಪುಟವನ್ನು ಮುಚ್ಚಿ ಮತ್ತೆ ತೆರೆಯುತ್ತಾನೆ. ಆಗ ಸರದಿಯ ಸ್ಥಾನ ಕೈತಪ್ಪುತ್ತದೆ, ಅಷ್ಟರಲ್ಲಿ ಕೊನೆಯ ಗಡಿಯೂ ದಾಟಿರಬಹುದು. ಸರಿಯಾದ ವೇಳೆಗೆ ಬಂದೂ ತಡವಾದವನೆನಿಸಿಕೊಳ್ಳುವ ವಿಪರ್ಯಾಸವಿದು.

ಯಾವುದೇ ಸಂಸ್ಥೆಯ ಸೂಚನೆಯನ್ನು ಓದುವಾಗ ಈ ಮೂರನ್ನೂ ಪ್ರತ್ಯೇಕವಾಗಿ ಹುಡುಕಬೇಕು. ಒಂದೇ ವೇಳೆ ಕೊಟ್ಟಿದ್ದರೆ ಅದು ಮೂರರಲ್ಲಿ ಯಾವುದೆಂದು ಕೇಳಿ ತಿಳಿಯಬೇಕು. ‘ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ’ ಎಂದು ದಿನವಿಡೀ ತೆರೆದಿಡುವ ಪರೀಕ್ಷೆಗಳಲ್ಲಿ ಇದು ಇನ್ನಷ್ಟು ಮುಖ್ಯ. ಸಂಜೆ 6 ಎಂಬುದು ಪರೀಕ್ಷೆಗೆ ಕೂರಲು ಕೊನೆಯ ವೇಳೆಯೋ, ಬರೆದು ಮುಗಿಸಲು ಕೊನೆಯ ವೇಳೆಯೋ? ಎರಡು ಗಂಟೆಯ ಪರೀಕ್ಷೆಯಾದರೆ ಈ ಎರಡರ ನಡುವೆ ಎರಡು ಗಂಟೆಯ ಅಂತರವಿದೆ.

ಒಂದು ಗಂಟೆ ಕಾಣೆಯಾದ ಬಗೆ

ಎರಡನೆಯ ಬೇರು ಕಾಲವಲಯದ್ದು. ಭಾರತದ ವೇಳೆ ವಿಶ್ವಮಾನ್ಯ ವೇಳೆಯಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ವರ್ಷದ ಎಲ್ಲ ದಿನವೂ ಇದು ಬದಲಾಗುವುದಿಲ್ಲ. ಅಮೆರಿಕ ಹಾಗೂ ಯೂರೋಪಿನ ಬಹುಭಾಗದಲ್ಲಿ ಹಾಗಲ್ಲ. ಅಲ್ಲಿ ವಸಂತದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಶರತ್ಕಾಲದಲ್ಲಿ ಹಿಂದಿಡುತ್ತಾರೆ. ಬೇಸಿಗೆಯಲ್ಲಿ ಸಂಜೆಯ ಬೆಳಕನ್ನು ಹೆಚ್ಚು ಹೊತ್ತು ಬಳಸಿಕೊಳ್ಳಲು ಮಾಡಿಕೊಂಡ ಏರ್ಪಾಡು ಇದು. ನಮಗೆ ಅನುಭವವಿಲ್ಲದ ಏರ್ಪಾಡಾದ್ದರಿಂದ ಇಲ್ಲಿನವರು ಅದನ್ನು ಮರೆಯುವುದೇ ಹೆಚ್ಚು.

2025ರ ಮಾರ್ಚ್ ತಿಂಗಳನ್ನಿಟ್ಟುಕೊಂಡು ಲೆಕ್ಕ ಹಾಕಿ ನೋಡೋಣ. ಅಮೆರಿಕದ ಸಂಸ್ಥೆಯೊಂದು ಎರಡು ಶನಿವಾರ ಪರೀಕ್ಷೆ ಇಟ್ಟಿದೆ ಎಂದುಕೊಳ್ಳೋಣ: ಮಾರ್ಚ್ 8ರಂದು ಅಣಕು ಪರೀಕ್ಷೆ, ಮಾರ್ಚ್ 15ರಂದು ನಿಜವಾದ ಪರೀಕ್ಷೆ. ಎರಡಕ್ಕೂ ವೇಳೆ ಒಂದೇ, ನ್ಯೂಯಾರ್ಕಿನ ರಾತ್ರಿ 9 ಗಂಟೆ. ಕೊಳ್ಳೇಗಾಲದ ಅಭ್ಯರ್ಥಿಯೊಬ್ಬಳು ಎರಡಕ್ಕೂ ಹೆಸರು ನೋಂದಾಯಿಸಿದ್ದಾಳೆ.

ಮಾರ್ಚ್ 8ರಂದು ನ್ಯೂಯಾರ್ಕ್ ಇನ್ನೂ ಚಳಿಗಾಲದ ವೇಳೆಯಲ್ಲಿತ್ತು, ಅಂದರೆ ಯುಟಿಸಿಗಿಂತ 5 ಗಂಟೆ ಹಿಂದೆ. ಅಲ್ಲಿಗೂ ಇಲ್ಲಿಗೂ ಅಂತರ ಹತ್ತೂವರೆ ಗಂಟೆ. ಅಲ್ಲಿನ ಶನಿವಾರ ರಾತ್ರಿ 9 ಎಂದರೆ ಇಲ್ಲಿ ಮಾರ್ಚ್ 9, ಭಾನುವಾರ ಬೆಳಿಗ್ಗೆ 7:30. ಅಭ್ಯರ್ಥಿ ಏಳು ಗಂಟೆಗೆ ಕುಳಿತಳು, ಅಣಕು ಪರೀಕ್ಷೆ ಸುಸೂತ್ರವಾಗಿ ಮುಗಿಯಿತು.

ಅದೇ ಮಾರ್ಚ್ 9ರ ನಸುಕಿನಲ್ಲಿ, ಅಲ್ಲಿನ ವೇಳೆ 2 ಗಂಟೆಗೆ, ಅಮೆರಿಕದ ಗಡಿಯಾರ ಒಂದು ಗಂಟೆ ಮುಂದೆ ಜಿಗಿಯಿತು. ಅಂತರ ಒಂಬತ್ತೂವರೆ ಗಂಟೆಗೆ ಇಳಿಯಿತು. ಮುಂದಿನ ಶನಿವಾರದ ರಾತ್ರಿ 9 ಎಂದರೆ ಇಲ್ಲಿ ಮಾರ್ಚ್ 16, ಭಾನುವಾರ ಬೆಳಿಗ್ಗೆ 6:30. ಕಳೆದ ವಾರದ ಅನುಭವವನ್ನೇ ನಂಬಿ ಏಳು ಗಂಟೆಗೆ ಕುಳಿತವಳಿಗೆ ಬಾಗಿಲು ಕಾಲು ಗಂಟೆ ಮೊದಲೇ ಮುಚ್ಚಿರುತ್ತದೆ. ನೋಟಿಸಿನಲ್ಲಿ ಒಂದಕ್ಷರವೂ ಬದಲಾಗಿಲ್ಲ, ಆಕೆಯ ಗಡಿಯಾರವೂ ತಪ್ಪಿಲ್ಲ. ಆದರೂ ಪರೀಕ್ಷೆ ಕೈತಪ್ಪಿದೆ.

ಯೂರೋಪು ಅದೇ ದಿನ ಗಡಿಯಾರ ತಿದ್ದುವುದಿಲ್ಲ ಎಂಬುದು ಇನ್ನೊಂದು ತೊಡಕು. 2025ರಲ್ಲಿ ಅಲ್ಲಿ ಬದಲಾದದ್ದು ಮಾರ್ಚ್ 30ರಂದು. ಆ ಮೂರು ವಾರಗಳ ಕಾಲ ಲಂಡನ್ನಿಗೂ ನ್ಯೂಯಾರ್ಕಿಗೂ ಇರುವ ರೂಢಿಯ ಐದು ಗಂಟೆಯ ಅಂತರವೇ ನಾಲ್ಕಾಗಿತ್ತು. ಶರತ್ಕಾಲದಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ: ಅಕ್ಟೋಬರ್ ಕೊನೆಯ ಭಾನುವಾರ ಯೂರೋಪು, ನವೆಂಬರ್ ಮೊದಲ ಭಾನುವಾರ ಅಮೆರಿಕ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತವೆ. ಕಳೆದ ಬಾರಿ ಬರೆದವರ ಮಾತನ್ನು ನಂಬಿ ವೇಳೆ ನಿರ್ಧರಿಸುವುದು ಮಾರ್ಚ್, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಅಪಾಯಕಾರಿ ಎನ್ನಲು ಕಾರಣ ಇದೇ.

ಶನಿವಾರ ರಾತ್ರಿ ಒಂದು ಗಂಟೆ ಯಾವ ದಿನದ್ದು?

ಮೂರನೆಯ ಬೇರು ನಮ್ಮ ಆಡುಮಾತಿನಲ್ಲಿಯೇ ಇದೆ. ಪಂಚಾಂಗದ ಪ್ರಕಾರ ನಮಗೆ ದಿನ ಹುಟ್ಟುವುದು ಸೂರ್ಯೋದಯಕ್ಕೆ. ಹಾಗಾಗಿ ‘ಶನಿವಾರ ರಾತ್ರಿ ಹನ್ನೆರಡೂವರೆಗೆ ಬಸ್ಸು’ ಎಂದು ಯಾರಾದರೂ ಹೇಳಿದರೆ ಕೇಳುಗ ಶನಿವಾರ ಊಟ ಮಾಡಿ ಬಸ್ ನಿಲ್ದಾಣಕ್ಕೆ ಹೋಗುತ್ತಾನೆ. ಗಣಕಯಂತ್ರದ ದಿನವಾದರೋ ಮಧ್ಯರಾತ್ರಿಗೆ ಹುಟ್ಟುತ್ತದೆ. ಅದೇ ವೇಳೆಯನ್ನು ಅದು ಭಾನುವಾರ, `12:30 AM` ಎಂದು ತೋರಿಸುತ್ತದೆ. ಇದನ್ನು ಕಂಡ ಅಭ್ಯರ್ಥಿ ‘ಭಾನುವಾರ ರಾತ್ರಿ ಹನ್ನೆರಡೂವರೆ’ ಎಂದು ಮನೆಯವರಿಗೆ ಹೇಳಿ, ಭಾನುವಾರವಿಡೀ ಓದಿ, ರಾತ್ರಿ ಕಾದು ಕುಳಿತರೆ ಪರೀಕ್ಷೆ ಮುಗಿದು ಒಂದು ದಿನವೇ ಕಳೆದಿರುತ್ತದೆ.

ಮನೆಯಿಂದ ಬರೆಯುವ ಪರೀಕ್ಷೆಗಳ ಸ್ಲಾಟುಗಳು ಹಗಲಿರುಳೆನ್ನದೆ ದೊರೆಯುವುದರಿಂದ ಈ ತಪ್ಪಿಗೆ ಅವಕಾಶ ಹೆಚ್ಚು. ಕೇಂದ್ರದಲ್ಲಿ ನಡೆಯುವ ಪರೀಕ್ಷೆ ಮಧ್ಯರಾತ್ರಿ ಇರುವುದಿಲ್ಲವಾದ್ದರಿಂದ ಅಲ್ಲಿ ‘ಹನ್ನೆರಡೂವರೆ’ಗೆ ಎರಡರ್ಥವಿಲ್ಲ, ಇಲ್ಲಿ `12:30 AM` ಮತ್ತು `12:30 PM` ಎರಡೂ ಪಟ್ಟಿಯಲ್ಲಿ ಪಕ್ಕಪಕ್ಕದಲ್ಲಿರುತ್ತವೆ. ಮೊದಲನೆಯದು ನಡುರಾತ್ರಿ, ಎರಡನೆಯದು ನಡುಹಗಲು. ರೈಲ್ವೆ ವೇಳಾಪಟ್ಟಿಯ ಮಾದರಿಯಲ್ಲಿ 00:30 ಮತ್ತು 12:30 ಎಂದು 24 ಗಂಟೆಯ ಲೆಕ್ಕದಲ್ಲಿ ಬರೆದುಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ. ಉಳಿದರ್ಧಕ್ಕೆ ‘ಶನಿವಾರ ರಾತ್ರಿ ಕಳೆದು ಭಾನುವಾರ ಹುಟ್ಟಿದ ಅರ್ಧ ಗಂಟೆಗೆ’ ಎಂದು ಮನೆಮಾತಿನಲ್ಲಿ ಒಮ್ಮೆ ಹೇಳಿಕೊಳ್ಳುವುದೇ ಪರಿಹಾರ.

ಹೊರದೇಶದಿಂದ ಇಲ್ಲಿನ ಪರೀಕ್ಷೆ ಬರೆಯುವವರಿಗೆ ಇದೇ ಕಥೆ ಹಿಮ್ಮುಖವಾಗಿ ನಡೆಯುತ್ತದೆ. ಭಾರತದ ಸಂಸ್ಥೆಯೊಂದು ಜುಲೈ ತಿಂಗಳ ಭಾನುವಾರ ಬೆಳಿಗ್ಗೆ 10 ಗಂಟೆಗೆ ಆನ್‌ಲೈನ್ ಪರೀಕ್ಷೆ ಇಟ್ಟರೆ, ಕ್ಯಾಲಿಫೋರ್ನಿಯದಲ್ಲಿ ಗಂಡನೊಂದಿಗೆ ನೆಲೆಸಿದ ಹನೂರಿನ ಹೆಣ್ಣುಮಗಳು ಅದಕ್ಕೆ ಕೂರಬೇಕಾದದ್ದು ಶನಿವಾರ ರಾತ್ರಿ 9:30ಕ್ಕೆ. ಪ್ರವೇಶಪತ್ರದಲ್ಲಿ ದೊಡ್ಡಕ್ಷರದಲ್ಲಿ ಭಾನುವಾರ ಎಂದೇ ಇರುತ್ತದೆ.

ಹೆಸರು ಒಂದು, ವೇಳೆ ಹಲವು

ಪರೀಕ್ಷಾ ಸಂಸ್ಥೆಗಳು ವೇಳೆಯ ಮುಂದೆ ಮೂರಕ್ಷರದ ಗುರುತನ್ನು ಬರೆದು ಕೈತೊಳೆದುಕೊಳ್ಳುವುದುಂಟು. ಆ ಮೂರಕ್ಷರ ಎಲ್ಲರಿಗೂ ಒಂದೇ ಅರ್ಥ ಕೊಡುವುದಿಲ್ಲ. `IST` ಎಂದರೆ ನಮಗೆ ಭಾರತದ ವೇಳೆ; ಐರ್ಲೆಂಡಿನವರಿಗೆ ಅವರ ಬೇಸಿಗೆಯ ವೇಳೆ, ಇಸ್ರೇಲಿನವರಿಗೆ ಅವರ ವೇಳೆ. `CST` ಅಮೆರಿಕದ ಮಧ್ಯಭಾಗದ್ದೂ ಹೌದು, ಚೀನಾದ್ದೂ ಹೌದು. `EST` ಎಂಬುದು ನ್ಯೂಯಾರ್ಕಿನ ಚಳಿಗಾಲದ ವೇಳೆ, `EDT` ಬೇಸಿಗೆಯದು. ಆದರೆ ಅಮೆರಿಕದ ಕಚೇರಿಗಳು ಬೇಸಿಗೆಯಲ್ಲೂ ರೂಢಿಬಲದಿಂದ `EST` ಎಂದೇ ಬರೆಯುತ್ತವೆ. ಅದನ್ನು ಅಕ್ಷರಶಃ ನಂಬಿ ಲೆಕ್ಕ ಹಾಕಿದ ಇಲ್ಲಿನ ಅಭ್ಯರ್ಥಿ ಒಂದು ಗಂಟೆ ತಡವಾಗುತ್ತಾನೆ. ‘ನ್ಯೂಯಾರ್ಕ್ ವೇಳೆ’ ಎಂದು ಊರಿನ ಹೆಸರನ್ನೇ ಬರೆದಿದ್ದರೆ ಈ ಅಪಾಯವಿಲ್ಲ; ಆ ದಿನ ಆ ಊರಿನ ಗಡಿಯಾರ ಎಷ್ಟು ತೋರಿಸುತ್ತದೋ ಅದೇ ವೇಳೆ.

ಗಣಕಯಂತ್ರಗಳು ಬಳಸುವುದೂ ಊರಿನ ಹೆಸರನ್ನೇ. ಭಾರತಕ್ಕೆ ಅವು ಬಳಸುವ ಹೆಸರು `Asia/Kolkata`. ಹಳೆಯ ತಂತ್ರಾಂಶಗಳಲ್ಲಿ `Asia/Calcutta` ಎಂದಿರುತ್ತದೆ. ಎರಡೂ ಒಂದೇ. ವಿಂಡೋಸ್ ಪಟ್ಟಿಯಲ್ಲಿ ಬೆಂಗಳೂರನ್ನು ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಆರಿಸಬೇಕಾದದ್ದು `(UTC+05:30) Chennai, Kolkata, Mumbai, New Delhi` ಎಂಬ ಸಾಲನ್ನು.

ಇಲ್ಲಿ ಮರೆಯಾಗಿರುವ ಒಂದು ದೋಷವನ್ನು ವಿವರವಾಗಿಯೇ ಹೇಳಬೇಕು. ವಿದೇಶದಲ್ಲಿರುವ ಬಂಧುಗಳು ತಾವು ಬಳಸಿದ ಲ್ಯಾಪ್‌ಟಾಪನ್ನು ಊರಿಗೆ ಕಳುಹಿಸುವುದುಂಟು. ಅದರ ಕಾಲವಲಯ ಅಮೆರಿಕದ ಪಶ್ಚಿಮ ತೀರದ್ದಾಗಿಯೇ ಉಳಿದಿರುತ್ತದೆ. ಮನೆಯವರು ಮುಳ್ಳು ತಿರುಗಿಸುವಂತೆ ವೇಳೆಯನ್ನಷ್ಟೇ ತಿದ್ದಿ ಸುಮ್ಮನಾಗುತ್ತಾರೆ. ಆಗ ಮೂಲೆಯ ಗಡಿಯಾರ ಕೊಳ್ಳೇಗಾಲದ ವೇಳೆಯನ್ನು ಸರಿಯಾಗಿಯೇ ತೋರಿಸುತ್ತದೆ, ವಲಯ ಮಾತ್ರ ತಪ್ಪಾಗಿರುತ್ತದೆ. ಸ್ಲಾಟ್ ತೋರಿಸುವ ಜಾಲತಾಣಗಳಲ್ಲಿ ಹಲವು ನೋಡುವುದು ಗಡಿಯಾರವನ್ನಲ್ಲ, ವಲಯವನ್ನು. ಅಲ್ಲಿ ಬೆಳಿಗ್ಗೆ 9ರ ಸ್ಲಾಟನ್ನು ಆರಿಸಿದವನು ಬೇಸಿಗೆಯಲ್ಲಾದರೆ ವಾಸ್ತವದಲ್ಲಿ ಇಲ್ಲಿನ ರಾತ್ರಿ 9:30ನ್ನು ಆರಿಸಿರುತ್ತಾನೆ. ಬೆಳಿಗ್ಗೆ ಎಲ್ಲ ಸಿದ್ಧ ಮಾಡಿಕೊಂಡು ಕುಳಿತಾಗ ‘ಚೆಕ್-ಇನ್ ಇನ್ನೂ ತೆರೆದಿಲ್ಲ’ ಎಂಬ ಉತ್ತರ ಬರುತ್ತದೆ. ಅದನ್ನು ಜಾಲತಾಣದ ದೋಷವೆಂದು ತಿಳಿದು ಎದ್ದುಹೋದರೆ ರಾತ್ರಿಯ ನಿಜವಾದ ಪರೀಕ್ಷೆಯೂ ತಪ್ಪುತ್ತದೆ.

ಈ ದೋಷವನ್ನು ಕಂಡುಹಿಡಿಯುವುದು ಸುಲಭ. ವಿಂಡೋಸ್ ಯಂತ್ರದ ಕಮಾಂಡ್ ಪ್ರಾಂಪ್ಟಿನಲ್ಲಿ `tzutil /g` ಎಂದು ಬೆರಳಚ್ಚಿಸಿದರೆ `India Standard Time` ಎಂಬ ಉತ್ತರ ಬರಬೇಕು. ಬೇರೇನು ಬಂದರೂ ಸ್ಲಾಟ್ ಆರಿಸುವುದಕ್ಕೆ ಮುನ್ನ ವಲಯವನ್ನು ತಿದ್ದಬೇಕು. ಸ್ಲಾಟ್ ಆರಿಸಿದ ಮೇಲೆ ತಿದ್ದಿದರೆ ದೃಢೀಕರಣವನ್ನು ಮತ್ತೆ ತೆರೆದು ಓದಬೇಕು. ಯಾವ ಲೆಕ್ಕವನ್ನೂ ನಂಬದವರಿಗೆ ಇನ್ನೊಂದು ದಾರಿಯಿದೆ. ಪರೀಕ್ಷೆಗೆ ‘ಇನ್ನೆಷ್ಟು ಗಂಟೆ ಉಳಿದಿದೆ’ ಎಂಬುದು ಜಗತ್ತಿನ ಎಲ್ಲೆಡೆ ಒಂದೇ. ದುಬೈಯ ಅಣ್ಣನೂ ಕೊಳ್ಳೇಗಾಲದ ತಂಗಿಯೂ ಫೋನಿನಲ್ಲಿ ಮಾತಾಡುವಾಗ ‘ಎಷ್ಟು ಗಂಟೆಗೆ’ ಎಂಬುದರ ಬದಲು ‘ಇನ್ನೆಷ್ಟು ಗಂಟೆಗೆ’ ಎಂದು ಕೇಳಿಕೊಂಡರೆ ಸಾಕು. ಇಬ್ಬರ ಉತ್ತರ ಬೇರೆಯಾದರೆ ಒಬ್ಬರು ತಪ್ಪಿದ್ದಾರೆ.

ವೇಳೆಯ ಹೊಂದಾಣಿಕೆ ಈ ನೆಲಕ್ಕೆ ಹೊಸತೇನಲ್ಲ. ಕೊಳ್ಳೇಗಾಲ 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನದು. ಭಾರತಕ್ಕೆಲ್ಲ ಒಂದೇ ವೇಳೆ ಎಂದಾದದ್ದು 1906ರ ಜನವರಿ 1ರಿಂದ. ಅದಕ್ಕೂ ಮೊದಲು ರೈಲುಗಳು ಓಡುತ್ತಿದ್ದದ್ದು ಇಂದಿನ ವೇಳೆಗಿಂತ ಸುಮಾರು ಒಂಬತ್ತು ನಿಮಿಷ ಹಿಂದಿದ್ದ ಮದರಾಸು ವೇಳೆಯ ಮೇಲೆ. ಒಂದೇ ಗಡಿಯಾರಕ್ಕೆ ಎಲ್ಲರೂ ಒಪ್ಪಿದ ಮೇಲೆಯೇ ದೇಶದ ವೇಳಾಪಟ್ಟಿಗಳು ಸಲೀಸಾದವು. ದೇಶ ದಾಟಿದ ಪರೀಕ್ಷೆಗಳಿಗೆ ಅಂಥ ಒಪ್ಪಂದ ಇನ್ನೂ ರೂಢಿಯಾಗಿಲ್ಲ.

ಎಲ್ಲರಿಗೂ ಒಂದೇ ಕ್ಷಣವೋ, ಅವರವರ ಸ್ಲಾಟೋ?

ಗೊಂದಲವನ್ನು ನೀಗಲು ಎಲ್ಲರಿಗೂ ಒಂದೇ ಕ್ಷಣದಲ್ಲಿ ಪರೀಕ್ಷೆ ಇಟ್ಟರಾಯಿತಲ್ಲ ಎಂಬ ವಾದವಿದೆ. ಕೇಂದ್ರಗಳಲ್ಲಿ ನಡೆಯುವ ನೀಟ್ ಇದಕ್ಕೆ ನಿದರ್ಶನ. 2021ರಲ್ಲಿ ಮೊದಲ ಬಾರಿಗೆ ಕುವೈತ್ ಹಾಗೂ ದುಬೈಗಳಲ್ಲಿ ಆ ಪರೀಕ್ಷೆ ನಡೆದಾಗ ಭಾರತದ ಮಧ್ಯಾಹ್ನ 2 ಗಂಟೆಯೇ ಎಲ್ಲರಿಗೂ ಆರಂಭ. ಅದು ಕುವೈತಿನಲ್ಲಿ ಬೆಳಿಗ್ಗೆ 11:30, ದುಬೈಯಲ್ಲಿ 12:30. ಪ್ರಶ್ನೆಪತ್ರಿಕೆ ಒಂದೇ ಆದ್ದರಿಂದ ಮೊದಲು ಬರೆದವರು ನಂತರದವರಿಗೆ ಹೇಳುವ ಭಯವಿಲ್ಲ. ಗಲ್ಫ್ ದೇಶಗಳಷ್ಟೇ ಇದ್ದಾಗ ಈ ಪದ್ಧತಿ ಒಪ್ಪುತ್ತದೆ. ಅಮೆರಿಕವೂ ಸೇರಿದರೆ ಯಾರಾದರೊಬ್ಬರು ನಡುರಾತ್ರಿ ಪರೀಕ್ಷೆ ಬರೆಯಲೇಬೇಕು.

ಮನೆಯಿಂದ ಬರೆಯುವ ಪರೀಕ್ಷೆಯಲ್ಲಿ ಏಕಕಾಲದ ಆರಂಭ ಇನ್ನೂ ಕಷ್ಟ. ಸಾವಿರಾರು ಮನೆಗಳಲ್ಲಿ ಒಂದೇ ನಿಮಿಷಕ್ಕೆ ವಿದ್ಯುತ್ತು, ಸಂಪರ್ಕ, ಯಂತ್ರ ಎಲ್ಲವೂ ಸರಿಯಿರಬೇಕು. ಕರ್ನಾಟಕದಲ್ಲೇ ಇದರ ಪಾಠ ಸಿಕ್ಕಿದೆ. ಸಿಎಲ್‌ಎಟಿ ಮತ್ತೆ ಮತ್ತೆ ಮುಂದೂಡಲ್ಪಟ್ಟಾಗ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2020ರ ಸೆಪ್ಟೆಂಬರ್ 3ರಂದು ತನ್ನದೇ ‘ಎನ್‌ಎಲ್‌ಎಟಿ’ ಎಂಬ ಪರೀಕ್ಷೆಯನ್ನು ಪ್ರಕಟಿಸಿ, ಸೆಪ್ಟೆಂಬರ್ 12ರಂದು ಮನೆಯಿಂದಲೇ ಬರೆಯುವಂತೆ ನಡೆಸಿತು. ಫಲಿತಾಂಶ ಪ್ರಕಟಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ಹಿಂದಿನ ದಿನವೇ ಹೇಳಿತ್ತು. ತಾಂತ್ರಿಕ ಅಡಚಣೆಗೆ ಸಿಲುಕಿದವರಿಗಾಗಿ ಸೆಪ್ಟೆಂಬರ್ 14ರಂದು ಮರುಪರೀಕ್ಷೆ ಇಡಬೇಕಾಯಿತು. ಪ್ರಶ್ನೆಗಳು ಹೊರಬಿದ್ದವೆಂಬ ದೂರುಗಳೂ ಬಂದವು. ಸೆಪ್ಟೆಂಬರ್ 21ರಂದು ನ್ಯಾಯಾಲಯ ಆ ಪರೀಕ್ಷೆಯನ್ನೇ ರದ್ದುಗೊಳಿಸಿ, ಸಿಎಲ್‌ಎಟಿ ಮೂಲಕವೇ ಪ್ರವೇಶ ನೀಡುವಂತೆ ಆದೇಶಿಸಿತು. ಮನೆಯಿಂದ ಬರೆಸಿದ ಆ ಪರೀಕ್ಷೆಯ ಪಾರದರ್ಶಕತೆಯ ಬಗ್ಗೆಯೂ, ಅಷ್ಟು ಕಡಿಮೆ ಕಾಲಾವಕಾಶದ ಬಗ್ಗೆಯೂ ನ್ಯಾಯಪೀಠಕ್ಕೆ ಆಕ್ಷೇಪವಿತ್ತು.

ಸ್ಲಾಟ್ ಪದ್ಧತಿ ಈ ಒತ್ತಡವನ್ನು ಹಂಚುತ್ತದೆ. ಮೇಲ್ವಿಚಾರಕರ ಸಂಖ್ಯೆಗೆ ತಕ್ಕಂತೆ ಪ್ರತಿ ಅರ್ಧ ಗಂಟೆಗೋ ಕಾಲು ಗಂಟೆಗೋ ಇಂತಿಷ್ಟು ಮಂದಿಯನ್ನು ಒಳಗೆ ಬಿಡುತ್ತಾ ಹೋಗುತ್ತಾರೆ. ಬದಲಿಗೆ ದೊಡ್ಡ ಪ್ರಶ್ನೆ ಭಂಡಾರವಿರಬೇಕು, ಬೇರೆ ಬೇರೆ ಪತ್ರಿಕೆಗಳ ಕಠಿಣತೆಯನ್ನು ಸರಿದೂಗಿಸುವ ಲೆಕ್ಕಾಚಾರವಿರಬೇಕು. ಆ ಬಂಡವಾಳವಿಲ್ಲದ ಸಂಸ್ಥೆ ಸ್ಲಾಟುಗಳನ್ನು ಹೆಚ್ಚಿಸಿದರೆ ಬೆಳಗಿನ ಪ್ರಶ್ನೆ ಮಧ್ಯಾಹ್ನದ ವೇಳೆಗೆ ವಾಟ್ಸ್ಆ್ಯಪಿನಲ್ಲಿರುತ್ತದೆ. ಆರಂಭದ ಗೊಂದಲ ಎಂಬುದು ಸ್ಲಾಟ್ ಪದ್ಧತಿ ಕೇಳುವ ಬೆಲೆ. ಈ ಬೆಲೆಯನ್ನು ತಗ್ಗಿಸಲು ಸಾಧ್ಯವಿದೆ. ಏಕಕಾಲದ ಪರೀಕ್ಷೆಯ ತೊಂದರೆಗಳನ್ನು ನೀಗಿಸುವುದು ಅಷ್ಟು ಸುಲಭವಲ್ಲ.

ಇಲ್ಲಿನವರಿಗೆ ಯಾವ ವೇಳೆ ಒಳ್ಳೆಯದು?

ಸ್ಲಾಟ್ ಆರಿಸುವ ಸ್ವಾತಂತ್ರ್ಯ ದಕ್ಕಿದಾಗ ಈ ಮೂರು ತಾಲ್ಲೂಕುಗಳ ಅಭ್ಯರ್ಥಿ ನೋಡಬೇಕಾದ್ದು ಕೇವಲ ಗಡಿಯಾರವನ್ನಲ್ಲ. ಚೆಸ್ಕಾಂ ನಿರ್ವಹಣಾ ಕಾಮಗಾರಿಗೆಂದು ಮುಂಚಿತವಾಗಿ ಪ್ರಕಟಿಸುವ ವಿದ್ಯುತ್ ವ್ಯತ್ಯಯ ಸಾಮಾನ್ಯವಾಗಿ ಹಗಲಿನ ವೇಳೆಯದು. ಒಂದೇ ಕೋಣೆಯ ಮನೆಯಲ್ಲಿ ಪರೀಕ್ಷೆ ನಡೆಯುವಾಗ ಬೇರೊಬ್ಬರು ಒಳಬಂದರೆ ಪರೀಕ್ಷೆಯನ್ನೇ ನಿಲ್ಲಿಸಬಹುದು. ಮಗ್ಗದ ಸದ್ದು, ಬೀದಿಯ ಧ್ವನಿವರ್ಧಕ, ನೆರೆಯವರ ಕರೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಈ ದೃಷ್ಟಿಯಿಂದ ನಸುಕಿನ ಸ್ಲಾಟ್ ಅನುಕೂಲಕರ.

ಆದರೆ ನಸುಕಿನ ಸ್ಲಾಟಿಗೂ ತನ್ನದೇ ಮಿತಿಯಿದೆ. ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಹಳ್ಳಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಇರುವವರು ಸಂಪರ್ಕಕ್ಕಾಗಿ ಪೇಟೆಗೆ ಇಳಿಯಲೇಬೇಕು. ಹನೂರಿನಿಂದ ಕೊಳ್ಳೇಗಾಲಕ್ಕೆ ಸುಮಾರು 25 ಕಿಲೋಮೀಟರು. 6 ಗಂಟೆಗೆ ಚೆಕ್-ಇನ್ ತೆರೆಯುವ ಪರೀಕ್ಷೆಗೆ ಬೆಳಗಿನ ಮೊದಲ ಬಸ್ಸನ್ನು ನಂಬುವಂತಿಲ್ಲ. ಹಿಂದಿನ ರಾತ್ರಿಯೇ ಬಂದು ಉಳಿಯಬೇಕು. ‘ಭಾನುವಾರದ ಪರೀಕ್ಷೆ’ ಎಂದುಕೊಂಡವರು ಹೊರಡಬೇಕಾದ್ದು ಶನಿವಾರ. 00:30ರ ಪರೀಕ್ಷೆಯಾದರಂತೂ ಶನಿವಾರ ಸಂಜೆಗೇ ತಲುಪಿರಬೇಕು. ಗಡಿಯಾರದ ಗೊಂದಲ ಇಲ್ಲಿ ಬಸ್ಸಿನ ಗೊಂದಲವೂ ಆಗುತ್ತದೆ.

ನೋಟಿಸಿನಲ್ಲಿ ಇರಬೇಕಾದ್ದು

ಅಭ್ಯರ್ಥಿ ಎಚ್ಚರದಿಂದಿರಬೇಕು ಎಂಬ ಬುದ್ಧಿಮಾತಿಗಿಂತ ಪರೀಕ್ಷಾ ಸಂಸ್ಥೆ ಸರಿಯಾದ ನೋಟಿಸು ಕೊಡುವುದು ಹೆಚ್ಚು ಪರಿಣಾಮಕಾರಿ. ಮೇಲೆ ಹೇಳಿದ ಮಾರ್ಚ್ ತಿಂಗಳ ಪರೀಕ್ಷೆಗೆ ‘ಶನಿವಾರ ರಾತ್ರಿ 9’ ಎಂಬ ಒಂದು ಸಾಲಿನ ಬದಲು ಹೀಗೆ ಬರೆದಿದ್ದರೆ ಯಾರೂ ಎಡವುತ್ತಿರಲಿಲ್ಲ:

‘ಪರೀಕ್ಷೆಯ ವೇಳೆ: 2025ರ ಮಾರ್ಚ್ 16, ಭಾನುವಾರ, ಯುಟಿಸಿ 01:00. ಭಾರತದಲ್ಲಿ ಮಾರ್ಚ್ 16, ಭಾನುವಾರ 06:30. ದುಬೈಯಲ್ಲಿ ಮಾರ್ಚ್ 16, ಭಾನುವಾರ 05:00. ಲಂಡನ್ನಿನಲ್ಲಿ ಮಾರ್ಚ್ 16, ಭಾನುವಾರ 01:00. ನ್ಯೂಯಾರ್ಕಿನಲ್ಲಿ ಮಾರ್ಚ್ 15, ಶನಿವಾರ 21:00. ಚೆಕ್-ಇನ್ ಇದಕ್ಕೆ 30 ನಿಮಿಷ ಮೊದಲು ತೆರೆಯುತ್ತದೆ. ಇದಾಗಿ 15 ನಿಮಿಷದ ನಂತರ ಪ್ರವೇಶವಿಲ್ಲ.’

ಇದರಲ್ಲಿ ಹೊಸ ತಂತ್ರಜ್ಞಾನವೇನೂ ಇಲ್ಲ. ಪ್ರತಿ ಊರಿನ ಮುಂದೆ ದಿನಾಂಕ ಹಾಗೂ ವಾರ ಎರಡನ್ನೂ ಬರೆದಿರುವುದು, ಮೂರಕ್ಷರದ ಗುರುತಿನ ಬದಲು ಊರಿನ ಹೆಸರಿರುವುದು, 24 ಗಂಟೆಯ ಲೆಕ್ಕ, ಮೂರು ಆರಂಭಗಳ ಪ್ರತ್ಯೇಕ ಉಲ್ಲೇಖ, ಇಷ್ಟೇ. ಹಿಂದಿನ ದಿನ ಕಳುಹಿಸುವ ನೆನಪಿನ ಸಂದೇಶದಲ್ಲಿ ‘ನಿಮ್ಮ ಪರೀಕ್ಷೆಗೆ ಇನ್ನು 24 ಗಂಟೆ’ ಎಂಬ ಒಂದು ಮಾತು ಸೇರಿಸಿದರೆ ತಪ್ಪು ಲೆಕ್ಕ ಹಾಕಿದವನಿಗೆ ತಿದ್ದಿಕೊಳ್ಳಲು ಒಂದು ದಿನ ಸಿಗುತ್ತದೆ.

ಅಭ್ಯರ್ಥಿಗಳಿಗೆ ಉಳಿಯುವ ಕೆಲಸ ಸಣ್ಣದು. ದೃಢೀಕರಣ ಪತ್ರ ಬಂದ ದಿನವೇ ಅದರಲ್ಲಿನ ವಲಯದ ಹೆಸರನ್ನು ಓದಿ, ವೇಳೆಯನ್ನು ಭಾರತದ ವೇಳೆಗೆ ತಂದು, ವಾರದ ಹೆಸರಿನೊಂದಿಗೆ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಬೇಕು. ಪರೀಕ್ಷೆಯ ಹಿಂದಿನ ದಿನ ಜಾಲತಾಣದ ತಮ್ಮ ಖಾತೆಯನ್ನು ತೆರೆದು ಅದರೊಂದಿಗೆ ತಾಳೆ ನೋಡಬೇಕು. ವೇಳೆ ತಪ್ಪೆಂದು ಕಂಡುಬಂದರೆ ಬದಲಿಸಿಕೊಳ್ಳಲು ಗಡುವು ಇರುತ್ತದೆ. ಅದು ಪರೀಕ್ಷೆಯಿಂದ ಪರೀಕ್ಷೆಗೆ ಬೇರೆಯಾದ್ದರಿಂದ ಆ ಸಾಲನ್ನೂ ಮೊದಲ ದಿನವೇ ಗುರುತು ಹಾಕಿಕೊಳ್ಳುವುದು ಕ್ಷೇಮ.

ವೇಳೆ ತಪ್ಪಿದ ಅಭ್ಯರ್ಥಿಯನ್ನು ‘ಗೈರುಹಾಜರು’ ಎಂಬ ಒಂದೇ ಪದದಲ್ಲಿ ಮುಗಿಸುವ ಸಂಸ್ಥೆಗಳು ಆ ಗೈರುಹಾಜರಿಗಳಲ್ಲಿ ಎಷ್ಟು ಮಂದಿ ಸರಿಯಾಗಿ ಒಂದು ಗಂಟೆಯ, ಹನ್ನೆರಡೂವರೆ ಗಂಟೆಯ ಅಥವಾ ಇಪ್ಪತ್ತನಾಲ್ಕು ಗಂಟೆಯ ಅಂತರದಲ್ಲಿ ಪುಟ ತೆರೆದಿದ್ದರು ಎಂಬುದನ್ನು ತಮ್ಮ ದಾಖಲೆಯಿಂದಲೇ ತಿಳಿಯಬಹುದು. ಅಂಥವರು ಪರೀಕ್ಷೆಗೆ ಬಾರದವರಲ್ಲ, ನೋಟಿಸನ್ನು ಬೇರೆ ರೀತಿ ಓದಿದವರು. ಆ ಲೆಕ್ಕವನ್ನು ಒಮ್ಮೆ ತೆಗೆದು ನೋಡಿದ ಸಂಸ್ಥೆ ಮುಂದಿನ ನೋಟಿಸನ್ನು ಒಂದು ಸಾಲಿನಲ್ಲಿ ಬರೆಯಲಾರದು.